ಗ್ರಾಹಕ ಸಂಬಂಧ ನಿರ್ವಹಣೆ ಮತ್ತು ಗ್ರಾಹಕರ ಜೀವಿತಾವಧಿ ಮೌಲ್ಯ: ಕಿರು ಪ್ರಶ್ನೋತ್ತರ

1. ಸಿಆರ್‌ಎಂ ಎಂದರೇನು? (2 ಅಂಕ)

ಗ್ರಾಹಕರ ಮಾಹಿತಿಯನ್ನು ಒಂದೆಡೆ ಕಲೆಹಾಕಿ, ಯಾರೊಂದಿಗೆ ಯಾವ ರೀತಿ ವ್ಯವಹರಿಸಿದರೆ ಸಂಬಂಧ ಲಾಭದಾಯಕವಾಗಿ ಮುಂದುವರಿಯುತ್ತದೆ ಎಂದು ನಿರ್ಧರಿಸಿ ನಡೆಸುವ ಕಾರ್ಯತಂತ್ರವೇ ಗ್ರಾಹಕ ಸಂಬಂಧ ನಿರ್ವಹಣೆ, ಅಂದರೆ ಸಿಆರ್‌ಎಂ. "ಅದೊಂದು ಸಾಫ್ಟ್‌ವೇರ್" ಎಂದಷ್ಟೇ ಬರೆದರೆ ಉತ್ತರ ಅರ್ಧಕ್ಕೆ ನಿಂತಂತೆ. ಸಾಫ್ಟ್‌ವೇರ್ ಸಾಧನ ಮಾತ್ರ.

2. ಸಿಆರ್‌ಎಂನ ಮೂರು ವಿಧಗಳನ್ನು ತಿಳಿಸಿ. (3 ಅಂಕ)

ಕಾರ್ಯಾಚರಣೆಯ ಸಿಆರ್‌ಎಂ ಮಾರಾಟ, ಪ್ರಚಾರ ಮತ್ತು ಸೇವೆಯ ದಿನನಿತ್ಯದ ಕೆಲಸವನ್ನು ಸ್ವಯಂಚಾಲಿತಗೊಳಿಸುತ್ತದೆ. ದೂರು ದಾಖಲಾಗುವುದು, ನವೀಕರಣದ ನೆನಪೋಲೆ ಹೋಗುವುದು ಇದರಿಂದಲೇ. ವಿಶ್ಲೇಷಣಾತ್ಮಕ ಸಿಆರ್‌ಎಂ ಆ ದಾಖಲೆಗಳನ್ನು ಪರಿಶೀಲಿಸಿ, ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸುತ್ತದೆ ಮತ್ತು ಬಿಟ್ಟುಹೋಗುವ ಸಾಧ್ಯತೆ ಯಾರಿಗೆ ಹೆಚ್ಚು ಎಂದು ಅಂದಾಜಿಸುತ್ತದೆ. ಸಹಯೋಗಿ ಸಿಆರ್‌ಎಂ ಅದೇ ಮಾಹಿತಿಯನ್ನು ವಿಭಾಗಗಳ ನಡುವೆ, ವಿತರಕರೊಂದಿಗೆ ಹಂಚಿಕೊಳ್ಳುತ್ತದೆ.

3. ಸಿಎಲ್‌ವಿ ಎಂದರೇನು? ಲೆಕ್ಕ ಮಾಡಿ ತೋರಿಸಿ. (5 ಅಂಕ)

ಒಬ್ಬ ಗ್ರಾಹಕರಿಂದ ಸಂಬಂಧದ ಪೂರ್ಣ ಅವಧಿಯಲ್ಲಿ ಬರಬಹುದಾದ ಲಾಭಾಂಶದ ಇಂದಿನ ಮೌಲ್ಯವೇ ಜೀವಿತಾವಧಿ ಮೌಲ್ಯ, ಅಂದರೆ ಸಿಎಲ್‌ವಿ. ಇದು ಮುಂದಿನ ಅಂದಾಜು. ಈವರೆಗೆ ಬಂದ ಲಾಭದ ಮೊತ್ತವಲ್ಲ.

ದತ್ತಾಂಶ: ಸರಾಸರಿ ಖರೀದಿ 500, ವರ್ಷಕ್ಕೆ 10 ಖರೀದಿ, ಲಾಭಾಂಶ 40%, ವಾರ್ಷಿಕ ಉಳಿಕೆ ದರ 80%, ಬಡ್ಡಿ ಕಡಿತದ ದರ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರ, 10%.

ವಾರ್ಷಿಕ ಲಾಭಾಂಶ 500 × 10 × 40% = 2,000. ಉಳಿಕೆ ದರ 80% ಎಂದರೆ ವರ್ಷಕ್ಕೆ 20% ಗ್ರಾಹಕರು ಬಿಟ್ಟುಹೋಗುತ್ತಾರೆ. ಆದ್ದರಿಂದ ಸರಾಸರಿ ಅವಧಿ 1 ÷ 0.20 = 5 ವರ್ಷ. ಸರಳ ವಿಧಾನದಲ್ಲಿ ಸಿಎಲ್‌ವಿ 2,000 × 5 = 10,000.

ಬಡ್ಡಿ ಕಡಿತ ಸೇರಿಸಿದರೆ ಸೂತ್ರ ಹೀಗೆ (m ವಾರ್ಷಿಕ ಲಾಭಾಂಶ, r ಉಳಿಕೆ ದರ, i ಬಡ್ಡಿ ಕಡಿತದ ದರ):

```
CLV = m × r / (1 + i − r)
    = 2000 × 0.80 / (1 + 0.10 − 0.80)
    = 1600 / 0.30 = 5333
```

10,000 ಎಲ್ಲಿ, 5,333 ಎಲ್ಲಿ! ಅಂತರಕ್ಕೆ ಎರಡು ಕಾರಣಗಳಿವೆ. ಈ ಸೂತ್ರವು ಮೊದಲ ಲಾಭಾಂಶ ಒಂದು ವರ್ಷದ ನಂತರ, ಅದೂ ಗ್ರಾಹಕರು ಉಳಿದಿದ್ದರೆ ಮಾತ್ರ ಬರುತ್ತದೆ ಎಂದು ಹಿಡಿಯುತ್ತದೆ. ಮೊದಲ 2,000 ಈಗಲೇ ಕೈಸೇರುವುದಾದರೆ ಅದನ್ನು ಕೂಡಿಸಬೇಕು, ಆಗ 7,333. ಉಳಿದ ವ್ಯತ್ಯಾಸವೆಲ್ಲ ಬಡ್ಡಿ ಕಡಿತದ್ದು. ಪ್ರಶ್ನೆಯಲ್ಲಿ ಮೊದಲ ಪಾವತಿ ಯಾವಾಗ ಎಂದು ಹೇಳಿಲ್ಲದಿದ್ದರೆ, ನೀವು ಹಿಡಿದ ಊಹೆಯನ್ನು ಒಂದು ವಾಕ್ಯದಲ್ಲಿ ಬರೆದುಬಿಡಿ.

ಗ್ರಾಹಕರನ್ನು ಗಳಿಸಲು ತಗುಲಿದ ವೆಚ್ಚವನ್ನು ಕೊನೆಗೆ ಕಳೆಯಿರಿ. ಅದು 1,500 ಆದರೆ ನಿವ್ವಳ ಮೌಲ್ಯ 5,333 − 1,500 = 3,833.

4. ಈ ಲೆಕ್ಕದಲ್ಲಿ ಆಗುವ ತಪ್ಪುಗಳಾವುವು? (3 ಅಂಕ)

ಅತಿ ಸಾಮಾನ್ಯವಾದದ್ದು ಲಾಭಾಂಶದ ಜಾಗದಲ್ಲಿ ಮಾರಾಟದ ಮೊತ್ತ ಹಾಕುವುದು. ಮೇಲಿನ ಉದಾಹರಣೆಯಲ್ಲಿ 5,000 × 5 = 25,000 ಬಂದು, ಸರಳ ವಿಧಾನದ ಉತ್ತರ ಎರಡೂವರೆ ಪಟ್ಟಾಗುತ್ತದೆ. ಎಲ್ಲ ಗ್ರಾಹಕರಿಗೂ ಒಂದೇ ಉಳಿಕೆ ದರ ಹಿಡಿಯುವುದು ಇನ್ನೊಂದು: ಹೊಸಬರು ಸಾಮಾನ್ಯವಾಗಿ ಬೇಗ ಬಿಟ್ಟುಹೋಗುತ್ತಾರೆ, ಹಳಬರು ನಿಲ್ಲುತ್ತಾರೆ, ಸರಾಸರಿಯಲ್ಲಿ ಇಬ್ಬರೂ ಮರೆಯಾಗುತ್ತಾರೆ. ಮಾಸಿಕ ಉಳಿಕೆ ದರವನ್ನು ವಾರ್ಷಿಕ ಲಾಭಾಂಶದೊಂದಿಗೆ ಬೆರೆಸಿದರಂತೂ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

5. ಸಿಆರ್‌ಎಂಗೂ ಸಿಎಲ್‌ವಿಗೂ ಏನು ಸಂಬಂಧ? (4 ಅಂಕ)

ಯಾರಿಗಾಗಿ ಎಷ್ಟು ಖರ್ಚು ಮಾಡಬಹುದು ಎಂಬ ಮಿತಿಯನ್ನು ಸಿಎಲ್‌ವಿ ಕೊಡುತ್ತದೆ. ಆ ಖರ್ಚನ್ನು ಸೇವೆಯಾಗಿ, ರಿಯಾಯಿತಿಯಾಗಿ, ಸಂಪರ್ಕವಾಗಿ ಬಳಸುವುದು ಸಿಆರ್‌ಎಂ. ಉಳಿಕೆ ದರ 80%ರಿಂದ 90%ಕ್ಕೆ ಏರಿದರೆ ಸಿಎಲ್‌ವಿ 1,800 ÷ 0.20 = 9,000; ಅಂದರೆ 3,667 ಹೆಚ್ಚಳ. ಹೀಗಾಗಿ ಆ ಏರಿಕೆಗೆ ಪ್ರತಿ ಗ್ರಾಹಕರ ಮೇಲೆ ಮಾಡುವ ಒಟ್ಟು ಖರ್ಚು, ಇಂದಿನ ಮೌಲ್ಯದಲ್ಲಿ, 3,667ಕ್ಕಿಂತ ಕಡಿಮೆ ಇದ್ದರಷ್ಟೇ ಕಾರ್ಯಕ್ರಮ ಲಾಭದಾಯಕ. ಲಾಭಾಂಶ 10% ಏರಿದರೆ ಸಿಎಲ್‌ವಿ ಕೂಡ 10% ಮಾತ್ರ ಏರುತ್ತದೆ. ಉಳಿಕೆಯಲ್ಲಿ ಆದ ಈ ಬದಲಾವಣೆಯಿಂದ ಸುಮಾರು 69% ಏರಿದೆ. ಪೂರ್ಣ ಅಂಕ ಬೇಕಿದ್ದರೆ ಈ ಹೋಲಿಕೆಯನ್ನು ಬಿಡಬೇಡಿ.

6. ಗ್ರಾಹಕ ಈಕ್ವಿಟಿ ಎಂದರೇನು? (1 ಅಂಕ)

ಸಂಸ್ಥೆಯ ಎಲ್ಲ ಗ್ರಾಹಕರ ಸಿಎಲ್‌ವಿಗಳ ಒಟ್ಟು ಮೊತ್ತ.