ಪಂಚಮಿ ಸೀರೆಗಳ ಸಭೆಗೆ ಬರೆದುಕೊಂಡ ನಗೆಮಾತುಗಳು

ಶನಿವಾರ ಬೆಳಿಗ್ಗೆ 11ರಿಂದ 11.45ರವರೆಗೆ ವಿಡಿಯೋ ಕರೆ. ಇಳಕಲ್ಲಿನ 12 ಕೈಮಗ್ಗದ ಮನೆಗಳು, ಗುಳೇದಗುಡ್ಡದಲ್ಲಿ ಖಣ ನೇಯುವ ಅಕ್ಕನವರು ಮತ್ತು ವಿಜಯಪುರದ ಅಂಗಡಿಯ ತಮ್ಮ ಸೇರುತ್ತಾರೆ. ಬೆಳಗಾವಿಯಿಂದ ಸಭೆ ನಡೆಸುವವಳು ನಾನು. ವಿಷಯಗಳು ನಾಲ್ಕು: ನಾಗರಪಂಚಮಿಯ 44 ಸೀರೆಗಳ ಬೇಡಿಕೆ, ಫೋಟೋಗಳಲ್ಲಿ ಕೆಡುವ ಬಣ್ಣ, ನೇಕಾರರಿಗೆ ಬರಬೇಕಾದ ಬಾಕಿ ಹಣ, ಮುಂದಿನ ಸಭೆಯ ದಿನ. ಹೋದ ತಿಂಗಳ ಕರೆಯಲ್ಲಿ ಮೊದಲ ಹತ್ತು ನಿಮಿಷ ಯಾರೂ ಬಾಯಿಬಿಡಲಿಲ್ಲ. ಎದುರೆದುರು ಕಟ್ಟೆಯ ಮೇಲೆ ಕೂತರೆ ಮಾತು ನಿಲ್ಲದ ಜನ ಪರದೆಯ ಮುಂದೆ ಪರೀಕ್ಷೆಗೆ ಕೂತ ಮಕ್ಕಳಂತಾದದ್ದನ್ನು ನೋಡಿ ನನಗೆ ಸಂಕಟವಾಯಿತು. ಆದ್ದರಿಂದ ಈ ಸಲ ಹೇಳಬೇಕಾದ ಮಾತುಗಳನ್ನು ಮೊದಲೇ ಬರೆದುಕೊಂಡಿದ್ದೇನೆ.

ಎಲ್ಲರೂ ಸೇರುವಾಗ

ಎಲ್ಲರಿಗೂ ಶರಣು. ಈ ಸಭೆಯ ಕೊಂಡಿಯನ್ನು ನಿನ್ನೆ ಸಂಜೆ ಎಲ್ಲರ ಫೋನಿಗೂ ಕಳಿಸಿದ್ದೆ. "ಕೊಂಡಿ ಕಳಿಸಿದ್ದೇನೆ" ಎಂದು ಬರೆದ ಮೇಲೆ ನನಗೆ ಹೊಳೆಯಿತು: ಇಳಕಲ್ಲಿನವರಿಗೆ ಯಾರಾದರೂ ಕೊಂಡಿ ಕಳಿಸುವುದುಂಟೇ? ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಎರಡನ್ನು ಒಂದು ಸೀರೆ ಮಾಡುವವರು ನೀವು. ನನ್ನ ಕೊಂಡಿಯನ್ನು ಒಮ್ಮೆ ಒತ್ತಿದರೆ ಸಾಕು, ಆದರೆ ಅದು ನಲವತ್ತೈದು ನಿಮಿಷಕ್ಕೆ ಬಿಚ್ಚಿಕೊಳ್ಳುತ್ತದೆ. ನಿಮ್ಮ ಕೊಂಡಿ ಸೀರೆ ಹರಿಯುವವರೆಗೂ ಬಿಡುವುದಿಲ್ಲ. ಬಿಚ್ಚಿಕೊಳ್ಳುವ ಮೊದಲು ನಾಲ್ಕು ವಿಷಯ ಮುಗಿಯಬೇಕು, ಮೊದಲನೆಯದು ಪಂಚಮಿಯ ಬೇಡಿಕೆ.

*(ಇನ್ನೂ ಮೂರು ಮನೆಯವರು ಬರಬೇಕಿದ್ದರೆ ಇಷ್ಟನ್ನು ಸೇರಿಸುವುದು.)* ಹಾಸು ಬಿಗಿದಾಗಿದೆ, ಮೂರು ಎಳೆ ಮಾತ್ರ ಬರಬೇಕಿದೆ. ಎರಡು ನಿಮಿಷ ಕಾಯೋಣ, ಎಳೆ ತಪ್ಪಿದ ಬಟ್ಟೆಯನ್ನು ನೇಯುವವರು ನಾವಲ್ಲ.

ಯಾರದಾದರೂ ಮೈಕು ಮುಚ್ಚಿದ್ದರೆ

ಕಾಕಾ, ಲಾಳಿ ಚೆನ್ನಾಗಿ ಓಡುತ್ತಿದೆ, ಕಂಡಿಕೆಯಲ್ಲಿ ನೂಲು ಮಾತ್ರ ಇಲ್ಲ. ಕೆಳಗಿರುವ ಮೈಕಿನ ಚಿತ್ರವನ್ನು ಒಮ್ಮೆ ಒತ್ತಿದರೆ ನೂಲು ಬರುತ್ತದೆ. ಈ ಸಾಲಿಗೆ ನಗುವವರಲ್ಲಿ ಕಾಕಾ ಮೊದಲಿಗರಾಗಲಿ ಎಂಬುದು ನನ್ನ ಆಸೆ, ಏಕೆಂದರೆ ಖಾಲಿ ಕಂಡಿಕೆಯ ಲಾಳಿಯನ್ನು ತಳ್ಳದ ನೇಕಾರ ಭೂಮಿಯ ಮೇಲಿಲ್ಲ. ಇದನ್ನು ಸಭೆಯಲ್ಲಿ ಒಂದೇ ಸಲ ಹೇಳುತ್ತೇನೆ. ಅದೇ ಕಾಕಾನಿಗೆ ಎರಡನೆಯ ಸಲ ಹೇಳಿದರೆ ಅದು ಆಡಿಕೊಂಡಂತಾಗುತ್ತದೆ, ಆಗ ಸುಮ್ಮನೆ "ಕಾಕಾ, ಮೈಕು" ಎಂದರೆ ಸಾಕು.

ಇಬ್ಬರು ಒಟ್ಟಿಗೆ ಮಾತಾಡಿದರೆ

ಎರಡೂ ಕಡೆಯಿಂದ ಒಂದೇ ಸಲಕ್ಕೆ ಲಾಳಿ ಬಂತು, ನಡುವೆ ಡಿಕ್ಕಿಯಾಯಿತು. ಅಕ್ಕನವರ ಲಾಳಿ ಮೊದಲು ದಾಟಲಿ, ಆಮೇಲೆ ಮಾಮಾ ಅವರದು. ಇಬ್ಬರ ಮಾತೂ ಬಟ್ಟೆಯೊಳಗೆ ಬರಬೇಕು.

ಮೊದಲ ವಿಷಯ: 44 ಸೀರೆ

ವಿಜಯಪುರದ ತಮ್ಮ ಒಟ್ಟು 44 ಸೀರೆ ಕೇಳಿದ್ದಾರೆ. ಆರು ಗಜದವು 36, ಒಂಬತ್ತು ಗಜದವು 8. ನಿಮ್ಮ ಲೆಕ್ಕದಂತೆ ಒಂದು ಮಗ್ಗದಲ್ಲಿ ಒಂದು ಸೀರೆಗೆ ಒಂದು ವಾರವೆಂದು ಹಿಡಿದರೆ, 12 ಮಗ್ಗಕ್ಕೆ ಇದು ನಾಲ್ಕು ವಾರದ ಕೆಲಸ, ಒಂಬತ್ತು ಗಜದ ಸಲುವಾಗಿ ಮೇಲೆ ಇನ್ನೊಂದು ವಾರ. ಪಂಚಮಿಗೆ ಇಂದಿನಿಂದ ಆರು ವಾರವಿದೆ. ತವರಿಗೆ ಹೋಗುವ ಹೆಣ್ಣುಮಗಳ ಮೈಮೇಲೆ ಸೀರೆ ಇರಬೇಕೇ ಹೊರತು, ಅವಳು ಉಂಡಿ ತಿಂದು ಜೋಕಾಲಿ ಆಡಿ ಗಂಡನ ಮನೆಗೆ ಮರಳಿದ ಮೇಲೆ ಅಂಚೆಯವನು ಬಾಗಿಲು ತಟ್ಟಬಾರದು.

*(ಇಲ್ಲಿ ದನಿ ಮರುಕಳಿಸಿದರೆ, ಮತ್ತು ಹೋದ ಸಲ ಇಲ್ಲಿಯೇ ಮರುಕಳಿಸಿತ್ತು.)* ನಾನು 44 ಎಂದದ್ದು ಎರಡು ಸಲ ಕೇಳಿಸಿದೆ, ದಯವಿಟ್ಟು ಯಾರೂ 88 ಎಂದು ಬರೆದುಕೊಳ್ಳಬೇಡಿ. ಈ ಕೆಲಸವನ್ನು ವಿಜಯಪುರದ ಗೋಲಗುಮ್ಮಟ 1656ರಿಂದ ಕರೆಂಟಿಲ್ಲದೆ ಮಾಡಿಕೊಂಡು ಬಂದಿದೆ. ಅಲ್ಲಿ ಚಪ್ಪಾಳೆ ತಟ್ಟಿ ಏಳು ಸಲ ಎಣಿಸುವ ಹುಡುಗರಂತೆ ನಾವೂ ಎಣಿಸುತ್ತ ಕೂತರೆ ಬೇಡಿಕೆ 308ಕ್ಕೆ ಹೋಗಿ ನಿಲ್ಲುತ್ತದೆ. ಒಂದೇ ಮನೆಯಲ್ಲಿ ಎರಡು ಫೋನು ಹಚ್ಚಿಕೊಂಡವರು ಒಂದರ ದನಿಯನ್ನು ಮುಚ್ಚಿದರೆ ನಾವು ಗುಮ್ಮಟದಿಂದ ಇಳಿದು ಮತ್ತೆ 44ಕ್ಕೆ ಬರಬಹುದು.

ಈಗ ಪ್ರತಿಯೊಂದು ಮಗ್ಗದವರೂ ತಮಗೆ ಎಷ್ಟು ಆಗುತ್ತದೆ ಎಂಬುದನ್ನು ಹೇಳಬೇಕು. ಒಂಬತ್ತು ಗಜದ ಎಂಟು ಸೀರೆಗಳಿಂದ ಆರಂಭಿಸೋಣ, ಏಕೆಂದರೆ ಅವುಗಳ ಹಾಸು ಮೊದಲು ಬೀಳಬೇಕು.

ಮಾತು ಬೇರೆ ಕಡೆ ಹರಿದರೆ

ನೂಲಿನ ದರದ ಬಗ್ಗೆ ಯಾರಾದರೂ ಮಾತೆತ್ತುತ್ತಾರೆಂಬುದು ನನಗೆ ಗೊತ್ತಿದೆ, ಎತ್ತಬೇಕಾದ ಮಾತೂ ಹೌದು. ಆಗ ಹೇಳುವುದು ಇದು: ಮಾಮಾ, ನೀವು ತೆಗೆದ ವಿಷಯ ಒಂಬತ್ತು ಗಜದ್ದು, ನಮ್ಮ ಹತ್ತಿರ ಇಂದು ಆರು ಗಜದ ಸಮಯ ಮಾತ್ರ ಇದೆ. ಅದನ್ನು ಕತ್ತರಿಸಿ ಮೋಟು ಮಾಡಿ ಹಾಳುಗೆಡವುವುದು ಬೇಡ. ನೂಲಿನ ದರಕ್ಕಾಗಿಯೇ ಗುರುವಾರ ಸಂಜೆ ಇನ್ನೊಂದು ಮಗ್ಗ ಹೂಡೋಣ, ಅಲ್ಲಿ ಮೊದಲ ಮಾತು ನಿಮ್ಮದೇ. ಈ ಮಾತು ಕೊಟ್ಟ ಮೇಲೆ ಅದನ್ನು ನಡೆಸಿಕೊಡಬೇಕಾದ ಹೊಣೆ ನನ್ನದು, ಅದಕ್ಕಾಗಿ ಗುರುವಾರದ ಕರೆಯನ್ನು ಮಾಮಾ ಕೇಳುತ್ತಿರುವಾಗಲೇ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.

ಎರಡನೆಯ ವಿಷಯ: ಬಣ್ಣ

ಹೋದ ವಾರ ಇಳಕಲ್ಲಿನಿಂದ ದಾಳಿಂಬೆ ಕೆಂಪಿನ ಒಂದೇ ಒಂದು ಸೀರೆಯ ಫೋಟೋ ನಮ್ಮ ಗುಂಪಿಗೆ ಬಂದಿತು. ನನ್ನ ಫೋನಿನಲ್ಲಿ ಅದು ಇಟ್ಟಿಗೆಯ ಬಣ್ಣ, ನನ್ನ ತಂಗಿಯ ಫೋನಿನಲ್ಲಿ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ವಿಜಯಪುರದ ತಮ್ಮನ ಫೋನಿನಲ್ಲಿ ಒಣಮೆಣಸಿನಕಾಯಿ, ಗುಳೇದಗುಡ್ಡದ ಅಕ್ಕನವರಲ್ಲಿ ಬದನೆಕಾಯಿ. ಒಂದು ಸೀರೆಯ ಬೆಲೆಗೆ ನಾಲ್ಕು ಸೀರೆ ಕೊಡುವ ಅಂಗಡಿ ಕರ್ನಾಟಕದಲ್ಲಿ ಇನ್ನೆಲ್ಲಿಯೂ ಇರಲಿಕ್ಕಿಲ್ಲ, ಕಷ್ಟವೆಂದರೆ ಕೊಂಡ ಹೆಣ್ಣುಮಗಳು ಐದನೆಯದನ್ನು ಬಿಚ್ಚಿ ನೋಡುತ್ತಾಳೆ ಮತ್ತು ಅದನ್ನು ತಿರುಗಿ ಕಳಿಸುತ್ತಾಳೆ. ಹೋದ ಎರಡು ತಿಂಗಳಲ್ಲಿ ಹಾಗೆ ಮರಳಿ ಬಂದ ಸೀರೆಗಳು ಐದು, ನೇಯ್ಗೆಯಲ್ಲಿ ದೋಷವಿದ್ದದ್ದು ಒಂದೂ ಇಲ್ಲ.

ಆದ್ದರಿಂದ ನಾನು ಕೇಳಿಕೊಳ್ಳುವುದು ಇಷ್ಟು. ಫೋಟೋವನ್ನು ದೀಪದ ಕೆಳಗೆ ತೆಗೆಯದೆ, ಬೆಳಿಗ್ಗೆ ಪಡಸಾಲೆಯ ನೆರಳಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ತೆಗೆಯಬೇಕು. ಸೀರೆಯ ಮಗ್ಗುಲಿಗೆ ಒಂದು ಬಿಳಿ ಹಾಳೆ ಇರಬೇಕು, ಬಿಳಿಯದು ಬಿಳಿಯಾಗಿ ಕಂಡರೆ ಕೆಂಪೂ ಕೆಂಪಾಗಿಯೇ ಕಾಣುತ್ತದೆ. ಫೋನು ತಾನಾಗಿಯೇ ಅಂದ ಹೆಚ್ಚಿಸುವ ಫಿಲ್ಟರನ್ನು ಬಂದ್ ಮಾಡಬೇಕು. ಇಳಕಲ್ಲಿನ ಸೆರಗಿಗೆ ಮುಖಕ್ಕೆ ಹಚ್ಚುವ ಪೌಡರ್ ಬೇಕಾಗಿಲ್ಲ. ಚಿಕ್ಕಿ ಪರಾಸಿನ ದಡಿ ಮತ್ತು ಸೆರಗಿನ ತೆನೆ ಎರಡೂ ಕಾಣುವಂತೆ ಒಂದು ಫೋಟೋ, ಕೊಂಡಿ ಹಾಕಿದ ಜಾಗದ ಹತ್ತಿರದ ಒಂದು ಫೋಟೋ, ಒಟ್ಟು ಎರಡು ಸಾಕು.

ಕರೆಂಟು ಹೋದರೆ, ಚಿತ್ರ ನಿಂತರೆ

ನೋಡಿ, ಸಭೆಯನ್ನು ನಾವು ಪವರ್‌ಲೂಮಿನಲ್ಲಿ ನಡೆಸಿದೆವು, ಅದಕ್ಕೇ ಕರೆಂಟು ಹೋದೊಡನೆ ನಿಂತಿತು. ಇಳಕಲ್ಲಿನ ಕುಣಿಮಗ್ಗದಲ್ಲಿ ನಡೆಸಿದ್ದರೆ ಈ ಹೊತ್ತಿಗೆ ಅರ್ಧ ಗಜ ಮುಂದೆ ಹೋಗಿರುತ್ತಿತ್ತು. ಮರಳಿ ಬಂದವರಿಗೆ ಎಲ್ಲಿ ನಿಂತಿದ್ದೆವೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದುವರಿಯುತ್ತೇನೆ.

ಚಿತ್ರ ನಿಂತು, ಬಿಟ್ಟು, ಮತ್ತೆ ನಿಂತರೆ: ನೆಟ್‌ವರ್ಕಿಗೆ ಪಂಚಮಿಯ ಅವಸರ ನಮಗಿಂತ ಹೆಚ್ಚು, ಈಗಲೇ ಜೋಕಾಲಿ ಕಟ್ಟಿಕೊಂಡಿದೆ. ಚಿತ್ರವನ್ನು ಮುಚ್ಚಿ ದನಿಯೊಂದನ್ನೇ ಇಟ್ಟುಕೊಂಡರೆ ಜೋಕಾಲಿ ನಿಲ್ಲುತ್ತದೆ. ಯಾರದಾದರೂ ಮುಖ ಅರೆಗಣ್ಣಿನಲ್ಲಿ ನಿಂತುಬಿಟ್ಟರೆ ಆ ಮುಖದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವರ ಹಿಂದೆ ಸೊಸೆಯಂದಿರು, ಮೊಮ್ಮಕ್ಕಳು ಕೂತಿರುತ್ತಾರೆ, ಅವರ ಎದುರು ಹಿರಿಯರನ್ನು ನಗೆಪಾಟಲು ಮಾಡಿ ಗೆಲ್ಲುವಂಥದ್ದೇನಿದೆ?

ಮನೆಯೊಳಗಿಂದ ಕುಕ್ಕರು ಕೂಗಿದರೆ, ಅದು ಕೂಗಿಯೇ ತೀರುತ್ತದೆ, ಹನ್ನೊಂದೂವರೆ ಬೇಳೆ ಬೇಯುವ ಹೊತ್ತು: ಒಪ್ಪಿಗೆ ಕೊಟ್ಟವರಲ್ಲಿ ಅಕ್ಕನವರ ಕುಕ್ಕರೂ ಒಂದು, ಮೂರು ಸಲ ಹೌದು ಎಂದಿದೆ. ಉಳಿದವರ ಒಪ್ಪಿಗೆಯೂ ಬಂದರೆ ಫೋಟೋದ ವಿಷಯವನ್ನು ಮುಗಿಸಿಬಿಡೋಣ.

ಮೂರನೆಯ ವಿಷಯ: ಬಾಕಿ ಹಣ

ಈ ವಿಷಯಕ್ಕೆ ನಾನು ಯಾವ ನಗೆಮಾತನ್ನೂ ಬರೆದುಕೊಂಡಿಲ್ಲ. ಇನ್ನೊಂದು ಊರಿನ ಅಂಗಡಿಯೊಂದರಿಂದ 9 ಸೀರೆಗಳ ಹಣ ಎರಡು ತಿಂಗಳಿಂದ ಬಂದಿಲ್ಲ, ಆ ಒಂಬತ್ತೂ ಎರಡೇ ಮನೆಯವು. ಆ ಎರಡು ಮನೆಯವರು ಇದೇ ಕರೆಯಲ್ಲಿ ಕೂತಿದ್ದಾರೆ, ಅವರ ಮುಂದೆ ನಗುವ ಹಕ್ಕು ನಮಗಿಲ್ಲ. ಈ ಸಲದ ಬೇಡಿಕೆಗೆ ಅರ್ಧ ಹಣವನ್ನು ಹಾಸು ಹೂಡುವ ಮೊದಲೇ, ಉಳಿದರ್ಧವನ್ನು ಸೀರೆ ಕೈಸೇರಿದ ವಾರದೊಳಗೆ ಕೊಡುವುದಾಗಿ ವಿಜಯಪುರದ ತಮ್ಮ ಒಪ್ಪಿದ್ದಾರೆ. ಅದನ್ನು ಅವರ ಬಾಯಿಂದಲೇ ಎಲ್ಲರೂ ಕೇಳಲಿ. ಹಳೆಯ ಬಾಕಿಯ ಬಗ್ಗೆ ನಾನು ಸೋಮವಾರ ಆ ಅಂಗಡಿಗೆ ನೇರವಾಗಿ ಹೋಗಿ, ಬರಹದಲ್ಲಿ ದಿನಾಂಕ ಪಡೆದು ಗುಂಪಿಗೆ ತಿಳಿಸುತ್ತೇನೆ.

*(ಈ ಮಾತುಕತೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವುದು. ಮೌನವನ್ನು ತುಂಬಲು ತಮಾಷೆ ಮಾಡಬಾರದು. ಯಾರಾದರೂ ತಾವಾಗಿಯೇ ಮಾತಾಡಿದರೆ ಮುಂದಿನದಕ್ಕೆ ಹೋಗುವುದು.)*

ನಾಲ್ಕನೆಯ ವಿಷಯ ಮತ್ತು ಬೀಳ್ಕೊಡುಗೆ

ಮುಂದಿನ ಸಭೆಯನ್ನು ಪರದೆಯ ಮೇಲೆ ಮಾಡದೆ, ಮೂರನೆಯ ವಾರದಲ್ಲಿ ಇಳಕಲ್ಲಿನಲ್ಲಿಯೇ ಮಾಡೋಣವೆಂದು ಗುಳೇದಗುಡ್ಡದ ಅಕ್ಕನವರು ಸೂಚಿಸಿದ್ದಾರೆ. ಬರುವ ದಾರಿಯಲ್ಲಿ ಅಮೀನಗಡ ಸಿಗುತ್ತದೆ, ಅವರು ಕರದಂಟು ತರುತ್ತಾರಂತೆ. ನಾನು ಬೆಳಗಾವಿಯಿಂದ ಕುಂದಾ ತರುತ್ತೇನೆ. ಇಂಟರ್‌ನೆಟ್ಟಿನಲ್ಲಿ ಎಲ್ಲವನ್ನೂ ಕಳಿಸಬಹುದೆಂದು ಹೇಳುವವರಿಗೆ ಈ ಎರಡು ಪೊಟ್ಟಣಗಳನ್ನು ಕಳಿಸಿ ತೋರಿಸಲು ಹೇಳಬೇಕು. ಒಪ್ಪಿಗೆ ಇರುವವರು ಕೈ ಎತ್ತಿ. ಕರದಂಟಿಗೆ ಎತ್ತಿದ ಕೈ ಯಾವುದು, ಸಭೆಗೆ ಎತ್ತಿದ ಕೈ ಯಾವುದು ಎಂದು ನಾನು ಬೇರೆ ಮಾಡುವುದಿಲ್ಲ, ಎಲ್ಲವನ್ನೂ ಒಪ್ಪಿಗೆಯೆಂದೇ ಎಣಿಸುತ್ತೇನೆ.

ಇನ್ನೊಂದೇ ಮಾತು. ಹೊರಡುವಾಗ "ಹೋಗುತ್ತೇವೆ" ಎನ್ನದೆ "ಬರ್ತೀವ್ರೀ" ಎನ್ನುವ ಸೀಮೆಯವರು ನಾವು. ಹೋದ ಸಲ ಎಲ್ಲರೂ "ಬರ್ತೀವ್ರೀ, ಬರ್ತೀವ್ರೀ" ಎನ್ನುತ್ತ ಒಬ್ಬರೂ ಹೊರಡದೆ ಆರು ನಿಮಿಷ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕೂತಿದ್ದೆವು. ಫೋನಿಗೆ ನಮ್ಮ ಮಾತು ತಿಳಿಯುವುದಿಲ್ಲ, ಬರುತ್ತೇವೆ ಎಂದರೆ ಇರುತ್ತಾರೆಂದೇ ಅದು ಎಣಿಸುತ್ತದೆ. ಆದ್ದರಿಂದ ಬಾಯಲ್ಲಿ "ಬರ್ತೀವ್ರೀ" ಎನ್ನಿ, ಬೆರಳಿನಿಂದ ಕೆಂಪು ಗುಂಡಿಯನ್ನು ಒತ್ತಿ. ಮೊದಲು ಹಿರಿಯರಾದ ಕಾಕಾ ಒತ್ತಲಿ. ಬರ್ತೀನ್ರೀ ಕಾಕಾ.