ಕರಾವಳಿ ಪ್ರವಾಸದ ಅಂದಾಜು ಪತ್ರಿಕೆ ಮತ್ತು ತಲಾ ವಂತಿಗೆಯ ನಿರ್ಣಯ

ಹಿರಿಯ ನಾಗರಿಕರ ಸಂಘ, ನವನಗರ, ಬಾಗಲಕೋಟೆ
ದಿನಾಂಕ: 20 ಡಿಸೆಂಬರ್ 2025

ಸಂಘದ ಎಲ್ಲ ಹಿರಿಯ ಸದಸ್ಯರಿಗೆ ಖಜಾಂಚಿಯ ವಂದನೆಗಳು.

2026ರ ಫೆಬ್ರುವರಿ 9ರ ಸೋಮವಾರದಿಂದ 12ರ ಗುರುವಾರದವರೆಗೆ ಶಿರಸಿ, ಮುರುಡೇಶ್ವರ, ಕೊಲ್ಲೂರು, ಉಡುಪಿ ಹಾಗೂ ಧರ್ಮಸ್ಥಳಕ್ಕೆ ಹೋಗಿಬರುವುದೆಂದು ಕಳೆದ ಸಭೆಯಲ್ಲಿ ನಿಶ್ಚಯವಾಗಿತ್ತು. ಫೆಬ್ರುವರಿ 15ಕ್ಕೆ ಮಹಾಶಿವರಾತ್ರಿ ಇರುವುದರಿಂದ, ಆ ಜನದಟ್ಟಣೆಗೆ ಮೊದಲೇ ಊರಿಗೆ ಮರಳುವಂತೆ ಮತ್ತು ವಾರಾಂತ್ಯದ ಹೆಚ್ಚಿನ ಕೋಣೆಬಾಡಿಗೆ ನಮ್ಮ ಮೇಲೆ ಬೀಳದಂತೆ ಈ ದಿನಗಳನ್ನು ಆರಿಸಲಾಗಿದೆ. ಇದುವರೆಗೆ 34 ಜನ ಹೆಸರು ಕೊಟ್ಟಿದ್ದಾರೆ, ಮೂವರು ಕಾಯುವ ಪಟ್ಟಿಯಲ್ಲಿದ್ದಾರೆ.

ಎಷ್ಟೇ ಜನ ಬಂದರೂ ಬದಲಾಗದ ಖರ್ಚನ್ನು ಮೊದಲು ತಿಳಿಸುತ್ತೇನೆ. ಇದರಲ್ಲಿ ದೊಡ್ಡದು ಬಸ್ಸಿನ ಬಾಡಿಗೆ. ನಾವು ಓಡುವ ದೂರ ಸುಮಾರು 1,050 ಕಿ.ಮೀ. ಆಗಬಹುದಾದರೂ, ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ ಹಿಡಿಯುವ ಕರಾರು ಇರುವುದರಿಂದ ನಾಲ್ಕು ದಿನಕ್ಕೆ 1,200 ಕಿ.ಮೀ.ಗೆ ಹಣ ಕೊಡಬೇಕಾಗುತ್ತದೆ. ಉಡುಪಿಯಿಂದ ಧರ್ಮಸ್ಥಳಕ್ಕೆ ಹೋಗುವ ದಿನ ಬಸ್ಸು ಹೆಚ್ಚು ಹೊತ್ತು ನಿಂತೇ ಇದ್ದರೂ ಬಾಡಿಗೆ ಕಡಿಮೆಯಾಗುವುದಿಲ್ಲ.

ಬಸ್ಸಿನ ಬಾಡಿಗೆ, 1,200 ಕಿ.ಮೀ.ಗೆ ₹48ರಂತೆ: ₹57,600
ಚಾಲಕ ಮತ್ತು ಸಹಾಯಕರ ಭತ್ಯೆ: ₹4,000
ಟೋಲ್ ಮತ್ತು ಪಾರ್ಕಿಂಗ್: ₹4,500
ಕುಡಿಯುವ ನೀರಿನ ಕ್ಯಾನುಗಳು: ₹2,400
ಔಷಧ ಪೆಟ್ಟಿಗೆ: ₹2,000
ಗಾಲಿಕುರ್ಚಿಯ ಬಾಡಿಗೆ: ₹1,500
ಮೂರು ಕ್ಷೇತ್ರಗಳ ಅನ್ನದಾನಕ್ಕೆ ಸಂಘದ ಕಾಣಿಕೆ: ₹6,000
ಒಟ್ಟು: ₹78,000

ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಿರುವಾಗ ನಾವೇಕೆ ಬಸ್ಸಿನ ಪಾಲು ಕೊಡಬೇಕೆಂದು ಕೆಲವು ತಾಯಂದಿರು ಕೇಳಿದ್ದಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಆ ಸೌಲಭ್ಯವಿರುವುದು ರಾಜ್ಯದೊಳಗೆ ನಿತ್ಯ ಓಡುವ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ. ಇಡೀ ಬಸ್ಸನ್ನು ಬಾಡಿಗೆಗೆ ಹಿಡಿದಾಗ ಅದು ಅನ್ವಯಿಸುವುದಿಲ್ಲ.

ಇನ್ನು ತಲಾ ತಗಲುವ ಖರ್ಚು. ಇಬ್ಬರಿಗೊಂದು ಕೋಣೆಯಂತೆ ಮುರುಡೇಶ್ವರದಲ್ಲಿ ₹700, ಉಡುಪಿಯಲ್ಲಿ ₹750, ಧರ್ಮಸ್ಥಳದಲ್ಲಿ ₹250, ಹೀಗೆ ಮೂರು ರಾತ್ರಿಗೆ ₹1,700 ಆಗುತ್ತದೆ. ಮೊದಲ ದಿನದ ಮಧ್ಯಾಹ್ನಕ್ಕೆ ಎಲ್ಲರೂ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ತರುವುದೆಂದು ಒಪ್ಪಿದ್ದೇವೆ. ಕೊಲ್ಲೂರು ಮತ್ತು ಉಡುಪಿಯಲ್ಲಿ ಮಧ್ಯಾಹ್ನ, ಧರ್ಮಸ್ಥಳದಲ್ಲಿ ರಾತ್ರಿ ಪ್ರಸಾದದ ಊಟವಾಗುತ್ತದೆ. ಉಳಿದ ನಾಲ್ಕು ಊಟಕ್ಕೆ ₹560, ನಾಲ್ಕು ನಾಷ್ಟಾಕ್ಕೆ ₹320, ಚಹಾಕ್ಕೆ ₹160 ಸೇರಿ ಊಟ-ಉಪಾಹಾರಕ್ಕೆ ₹1,040. ಮುರುಡೇಶ್ವರದ 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಟಿಕೆಟ್, ಅಲ್ಲಲ್ಲಿ ಆಟೊ, ಚಪ್ಪಲಿ ಇಡುವ ಕಡೆ ಕೊಡುವ ಚಿಲ್ಲರೆಗೆ ₹100. ಒಟ್ಟು ತಲಾ ₹2,840.

ಈಗ ಮುಖ್ಯ ವಿಷಯ. ₹78,000ವನ್ನು ಹೆಸರು ಕೊಟ್ಟ 34 ಜನರಿಗೆ ಹಂಚಿದರೆ ತಲಾ ₹2,294 ಬಂದು, ವಂತಿಗೆ ₹5,134ಕ್ಕೇ ನಿಲ್ಲುತ್ತದೆ. ಕೇಳಲು ಹಗುರವಾದ ಈ ಮೊತ್ತವನ್ನು ನಾನು ಶಿಫಾರಸು ಮಾಡುತ್ತಿಲ್ಲ. ನಮ್ಮ ಕಳೆದೆರಡು ಪ್ರವಾಸಗಳ ಕಿರ್ದಿ ತೆಗೆದು ನೋಡಿದಾಗ, ಒಮ್ಮೆ 31 ಜನರಲ್ಲಿ 26 ಜನ, ಇನ್ನೊಮ್ಮೆ 33 ಜನರಲ್ಲಿ 29 ಜನ ಬಸ್ಸು ಹತ್ತಿದ್ದು ಕಂಡಿತು. ನಮ್ಮ ವಯಸ್ಸಿನಲ್ಲಿ ಇದು ಯಾರ ತಪ್ಪೂ ಅಲ್ಲ. ಸಕ್ಕರೆ ಏರುತ್ತದೆ, ಸೊಸೆಯ ಹೆರಿಗೆ ಮುಂದೆ ಬರುತ್ತದೆ, ಬೀಗರಲ್ಲಿ ಸಾವಾಗುತ್ತದೆ. ಆದ್ದರಿಂದ ಐದು ಜನ ಕೊನೆಯ ಗಳಿಗೆಯಲ್ಲಿ ಬರಲಾರರೆಂದು ಮೊದಲೇ ಹಿಡಿದು, ಸ್ಥಿರ ಖರ್ಚನ್ನು 29 ಜನರ ಮೇಲೆ ಹಂಚಿದ್ದೇನೆ. ಆಗ ತಲಾ ಪಾಲು ₹2,690 ಆಗುತ್ತದೆ. ಇದಕ್ಕೆ ₹2,840 ಮತ್ತು ಸಾದಿಲ್ವಾರು ಖರ್ಚಿಗೆಂದು ₹270 ಸೇರಿಸಿ, ತಲಾ ವಂತಿಗೆಯನ್ನು ₹5,800 ಎಂದು ನಿಗದಿಪಡಿಸಲು ಸಭೆಯ ಒಪ್ಪಿಗೆ ಕೋರುತ್ತೇನೆ.

ಹೀಗೇಕೆ ಎಂಬುದಕ್ಕೆ ಕಳೆದ ಸಲದ ಪ್ರಸಂಗ ನನ್ನ ಕಣ್ಣಮುಂದಿದೆ. ಆಗ ಕಡೆಯ ವಾರದಲ್ಲಿ ಬಿಟ್ಟವರಿಗೆ ಒಂದು ರೂಪಾಯಿಯೂ ವಾಪಸ್ ಇಲ್ಲವೆಂಬ ನಿಯಮವಿತ್ತು. ಹಣ ಹೋಗುತ್ತದೆಂದು ನಮ್ಮ ಹಿರಿಯರೊಬ್ಬರು ಜ್ವರ ಮುಚ್ಚಿಟ್ಟು ಬಂದರು. ಫೆಬ್ರುವರಿಯ ಬಿಸಿಲಿನಲ್ಲಿ ಶಾಲು ಹೊದ್ದು ಕೊನೆಯ ಸೀಟಿನಲ್ಲಿ ಕುಳಿತಿದ್ದವರ ಕೈ ಹಿಡಿದಾಗ ಕಾದ ಹಂಚಿನಂತಿತ್ತು. ಘಟ್ಟ ಇಳಿಯುವ ಹೊತ್ತಿಗೆ ಅವರು ನಿತ್ರಾಣರಾದರು, ನಾವು ಎರಡು ತಾಸು ಆಸ್ಪತ್ರೆಯೊಂದರ ಮುಂದೆ ಬಸ್ಸು ನಿಲ್ಲಿಸಿ ಕಾದೆವು. ಆ ನಿಯಮ ಬರೆದವನು ನಾನೇ. ಅದನ್ನು ಈ ಪತ್ರದ ಮೂಲಕ ಹಿಂದೆಗೆದುಕೊಳ್ಳುತ್ತಿದ್ದೇನೆ.

ಹೊಸ ನಿಯಮ ಹೀಗಿರಲಿ. ಬಿಟ್ಟವರ ಬಸ್ಸಿನ ಪಾಲು ಮೇಲಿನ ಲೆಕ್ಕದಲ್ಲೇ ಹೊಂದಾಣಿಕೆಯಾಗಿರುವುದರಿಂದ ಅದನ್ನು ಅವರಿಂದ ಹಿಡಿಯುವ ಅಗತ್ಯವಿಲ್ಲ. ಜನವರಿ 30ರೊಳಗೆ ತಿಳಿಸಿದವರಿಗೆ ಕಟ್ಟಿದ ಹಣವೆಲ್ಲ ವಾಪಸ್ ಬರುತ್ತದೆ, ಏಕೆಂದರೆ ಅಲ್ಲಿಯವರೆಗೆ ಕೋಣೆಗಳನ್ನು ರದ್ದು ಮಾಡಬಹುದು. ಆ ನಂತರ ತಿಳಿಸಿದವರಿಗೆ ಕೋಣೆಯ ₹1,700 ಮಾತ್ರ ಹಿಡಿದು ₹4,100 ಮರಳಿಸಲಾಗುವುದು. ಕಾಯುವ ಪಟ್ಟಿಯವರು ಆ ಜಾಗಕ್ಕೆ ಬಂದರೆ ಅದನ್ನೂ ಹಿಡಿಯುವುದಿಲ್ಲ. ಬಸ್ಸು ಹೊರಡುವ ದಿನ ಬೆಳಿಗ್ಗೆ ಮೈ ಸರಿಯಿಲ್ಲವೆಂದರೂ ಇದೇ ನಿಯಮ. ದಯವಿಟ್ಟು ಯಾರೂ ಹಣದ ಸಲುವಾಗಿ ಕಾಯಿಲೆ ಮುಚ್ಚಿಡಬಾರದು.

34 ಜನರೂ ಬಂದರೆ ವಸೂಲಿ ₹1,97,200, ಖರ್ಚು ₹1,74,560, ಉಳಿಯುವುದು ₹22,640. ಅಂದರೆ ತಲಾ ₹665ರಷ್ಟು ಮರಳಿಸಬಹುದು. 29 ಜನ ಬಂದರೆ ₹7,840 ಉಳಿಯುತ್ತದೆ. ಬೆಸ ಸಂಖ್ಯೆಯಾದ್ದರಿಂದ ಒಂದು ಹಾಸಿಗೆ ಖಾಲಿ ಬಿದ್ದು ಅದರ ₹1,700 ನಾವೇ ಹೊರಬೇಕಾದೀತು. ಅದನ್ನು ಕಳೆದರೂ ₹6,140 ಇರುತ್ತದೆ. 27 ಜನರಾದರೂ, ಖಾಲಿ ಹಾಸಿಗೆಯ ಹಣ ಕಳೆದು ₹220 ಮಿಗುತ್ತದೆ, ಆದರೆ ಆಗ ಸಾದಿಲ್ವಾರು ಹಣವೆಲ್ಲ ಮುಗಿದಂತೆಯೇ. 26ಕ್ಕೆ ಇಳಿದರೆ ₹1,040 ಕೊರತೆ ಬೀಳುತ್ತದೆ. ಅದನ್ನು ಸಂಘದ ಪ್ರವಾಸ ನಿಧಿಯಿಂದ ತುಂಬಲು ಅನುಮತಿ ಬೇಕು. ಬಸ್ಸಿನಲ್ಲಿ ಕುಳಿತವರಿಂದ ದಾರಿಯ ಮಧ್ಯೆ ಮತ್ತೆ ಹಣ ಎತ್ತುವುದು ಬೇಡ.

ಸಾದಿಲ್ವಾರು ಹಣವು ವೈದ್ಯರ ಖರ್ಚಿಗೆ, ಬಸ್ಸು ಕೆಟ್ಟರೆ ಬದಲಿ ವಾಹನಕ್ಕೆ, ಮಂಡಿನೋವಿನಿಂದ ಕೆಳಗಿನ ಪಂಕ್ತಿಯಲ್ಲಿ ಕೂಡಲಾಗದವರ ಹೋಟೆಲ್ ಊಟಕ್ಕೆ ಮೀಸಲು. ₹500 ಮೀರಿದ ಖರ್ಚಿಗೆ ಪ್ರವಾಸ ಸಮಿತಿಯ ಇಬ್ಬರ ಸಹಿ ಇರಬೇಕು. ವೈಯಕ್ತಿಕ ಪೂಜೆ, ಸೇವೆ, ಖರೀದಿಗಳು ವಂತಿಗೆಯಲ್ಲಿ ಸೇರಿಲ್ಲ. ಒಬ್ಬರಿಗೇ ಕೋಣೆ ಬೇಕೆಂದರೆ ಹೆಚ್ಚುವರಿ ₹1,700 ಕೊಡಬೇಕಾಗುತ್ತದೆ.

ಜನವರಿ 10ರೊಳಗೆ ಮುಂಗಡ ₹2,000, ಜನವರಿ 25ರೊಳಗೆ ಉಳಿದ ₹3,800 ಸಂಘದ ಖಾತೆಗೆ ಸಂದಾಯವಾಗಲಿ. ಫೋನಿನಲ್ಲಿ ಕಟ್ಟಲು ಬಾರದವರು ಸಂಜೆ 5ರಿಂದ 7ರವರೆಗೆ ಸಂಘದ ಕೋಣೆಯಲ್ಲಿ ನಗದು ಕೊಟ್ಟು ರಸೀದಿ ಪಡೆಯಬೇಕು. ರಸೀದಿಯಿಲ್ಲದೆ ಯಾರ ಕೈಗೂ ಹಣ ಕೊಡಬೇಡಿರಿ. ಪೂರ್ತಿ ಜಮಾ-ಖರ್ಚನ್ನು ಬಿಲ್ಲುಗಳ ಸಮೇತ ಫೆಬ್ರುವರಿ 20ರಂದು ಸಂಘದ ಫಲಕಕ್ಕೆ ಹಚ್ಚಲಾಗುವುದು. ಉಳಿದ ಹಣವನ್ನು ಪ್ರವಾಸಕ್ಕೆ ಬಂದವರಿಗೆ ಸಮನಾಗಿ ಹಂಚಿ ಫೆಬ್ರುವರಿ 28ರೊಳಗೆ ಮರಳಿಸಲಾಗುವುದು.

ಇತಿ,
ಖಜಾಂಚಿ