ಕೃತಜ್ಞತೆಯ ಪುಟ ತಿದ್ದಿದ್ದೇನೆ, ನೋಡು

ಪ್ರಿಯ ಚೈತ್ರಾ,

ಕೆರೆಗಳ ಮೇಲಿನ ನಿನ್ನ ಮಹಾಪ್ರಬಂಧದ 'ಕೃತಜ್ಞತೆಗಳು' ಓದಿದೆ. ನಾಲ್ಕು ಪುಟ ಇದ್ದದ್ದನ್ನು ಒಂದಕ್ಕೆ ಇಳಿಸಿದ್ದೇನೆ. ಇಷ್ಟೊಂದು ಕತ್ತರಿ ಆಡಿಸಿದೆನಲ್ಲ ಅಂತ ಬೇಜಾರಾಗಬೇಡ. ನಿನಗೆ ನಿಜವಾಗಿ ನೆರವಾದವರು ಯಾರೂ ಬಿಟ್ಟುಹೋಗಿಲ್ಲ.

ಮೊದಲು ನಿಮ್ಮ ಗೈಡ್. 'ಜ್ಞಾನಸಾಗರ, ಮಾತೃಹೃದಯಿ, ನಡೆದಾಡುವ ವಿಶ್ವಕೋಶ' ಅಂತ ಮುಕ್ಕಾಲು ಪುಟ ಬರೆದಿದ್ದೀಯ. ಅದನ್ನು ಯಾವ ಗೈಡ್‌ಗಾದರೂ ಅಂಟಿಸಬಹುದು. ಶಾಸನಗಳನ್ನಷ್ಟೇ ನೆಚ್ಚಿಕೊಂಡು ಬರೆದಿದ್ದ ಮೂರನೇ ಅಧ್ಯಾಯವನ್ನು ವಾಪಸ್ ಕೊಟ್ಟು, 'ಮೊದಲು ಕೆರೆ ನೋಡಿಕೊಂಡು ಬಾ' ಅಂದರು ಅಂತ ನೀನೇ ಫೋನಲ್ಲಿ ಹೇಳಿದ್ದೆ. ಆ ಒಂದು ಮಾತಲ್ಲಿ ಮೇಡಂ ಕಾಣುತ್ತಾರೆ. ಅದನ್ನೇ ಇಟ್ಟಿದ್ದೇನೆ.

ನನಗೆ ತುಂಬಾ ಚುಚ್ಚಿದ್ದು ನೀರಗಂಟಿ ವೆಂಕಟರಮಣಪ್ಪನವರ ವಿಷಯ. ನಿನ್ನ ಐದನೇ ಅಧ್ಯಾಯ ನಿಂತಿರುವುದೇ ಅವರ ಮಾತಿನ ಮೇಲೆ. ತೂಬು ಯಾವಾಗ ಎತ್ತಬೇಕು, ಮಳೆ ಕೈಕೊಟ್ಟ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಇದೆಲ್ಲ ಅವರು ಏರಿ ಮೇಲೆ ನಿಂತು ತೋರಿಸಿದ್ದು. ಕರಡಿನಲ್ಲಿ ಅವರು 'ಮಾಹಿತಿ ನೀಡಿದ ಗ್ರಾಮಸ್ಥರು' ಅಷ್ಟೇ. ಕುಲಪತಿಗಳಿಗೆ, ಕುಲಸಚಿವರಿಗೆ ಮಾತ್ರ ಪದವಿ ಸಮೇತ ಎಂಟು ಸಾಲು! ಅವರನ್ನು ನೀನು ಭೇಟಿಯೇ ಆಗಿಲ್ಲ ಅಲ್ವಾ? ವಿಶ್ವವಿದ್ಯಾಲಯ ಅಂದರೆ ಅವರೂ ಸೇರಿದರು. ಹೆಸರು ಹಾಕಬಹುದಾ ಅಂತ ವೆಂಕಟರಮಣಪ್ಪನವರನ್ನು ಒಮ್ಮೆ ಕೇಳಿಬಿಡು.

ಅಪ್ಪನ ಕಿಡ್ನಿ ಕಾಯಿಲೆ, ಡಯಾಲಿಸಿಸ್ ಸಾಲುಗಳನ್ನು ತೆಗೆದಿದ್ದೇನೆ. ಓದುವಾಗ ನನ್ನ ಕಣ್ಣೂ ತುಂಬಿತು. ಆದರೆ ಪ್ರಬಂಧ ನಾಳೆ ಶೋಧಗಂಗಾಕ್ಕೆ ಏರುತ್ತದೆ, ಯಾರು ಬೇಕಾದರೂ ತೆರೆದು ಓದಬಹುದು. ಅಪ್ಪನಿಗೆ ಅದು ಇಷ್ಟವಾಗಲಿಕ್ಕಿಲ್ಲ. 'ಅಡ್ಡಗಾಲು ಹಾಕಿದವರಿಗೂ ನಮಸ್ಕಾರ' ಅನ್ನುವ ಸಾಲೂ ಹೋಯಿತು. ನೊಂದಿದ್ದೀಯ, ಗೊತ್ತು. ಆದರೂ ಅವರಿಗೆ ಈ ಪುಟದಲ್ಲಿ ಜಾಗ ಯಾಕೆ? ಬಿ.ಎಲ್. ರೈಸ್ ಅವರ 1905ರ ಕೋಲಾರ ಶಾಸನ ಸಂಪುಟ ಹೇಗೂ ಗ್ರಂಥಋಣದಲ್ಲಿದೆ, ಇಲ್ಲಿ ಮತ್ತೆ ಬೇಡ. ಫೆಲೋಶಿಪ್ ಮಾತ್ರ ನೀನು ಮರೆತೇಬಿಟ್ಟಿದ್ದೆ, ಸೇರಿಸಿದ್ದೇನೆ.

ತಿದ್ದಿದ ಪುಟ ಇದು:

ಕೃತಜ್ಞತೆಗಳು

ಈ ಅಧ್ಯಯನಕ್ಕೆ ಮಾರ್ಗದರ್ಶನ ಮಾಡಿದವರು ಪ್ರೊ. ವಸುಂಧರಾ. ಮೂರನೇ ಅಧ್ಯಾಯದ ಮೊದಲ ಕರಡನ್ನು ಹಿಂದಿರುಗಿಸಿ, ಕೆರೆ ನೋಡಿಕೊಂಡು ಬರುವಂತೆ ಅವರು ಹೇಳದಿದ್ದರೆ ಈ ಪ್ರಬಂಧ ಬೇರೆಯೇ ಆಗಿರುತ್ತಿತ್ತು. ಪ್ರತಿ ಅಧ್ಯಾಯವನ್ನೂ ಸಾಲು ಸಾಲಾಗಿ ಓದಿ ತಿದ್ದಿದ ಅವರಿಗೆ ನಾನು ಋಣಿ.

ಮುಳಬಾಗಿಲು ತಾಲ್ಲೂಕಿನ ನೀರಗಂಟಿ ವೆಂಕಟರಮಣಪ್ಪನವರು ಏರಿ, ತೂಬು, ಕೋಡಿಗಳನ್ನು ತೋರಿಸಿ, ನೀರು ಹಂಚುವ ಲೆಕ್ಕವನ್ನು ಬಿಡಿಸಿ ಹೇಳಿದರು. ಐದನೇ ಅಧ್ಯಾಯದ ತಿಳಿವಳಿಕೆ ಅವರದು. ತಪ್ಪುಗಳಿದ್ದರೆ ನನ್ನವು. ಮನೆಗೆ ಕರೆದು ಊಟ ಹಾಕಿ, ಹಳೆಯ ಕಾಗದಪತ್ರ ತೋರಿಸಿದ ಊರಿನ ರೈತರಿಗೆ ನಮಸ್ಕಾರ.

ಸಂಶೋಧನೆಗೆ ಅವಕಾಶ ಕೊಟ್ಟ ಮೈಸೂರು ವಿಶ್ವವಿದ್ಯಾಲಯಕ್ಕೆ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಅಧ್ಯಾಪಕರಿಗೆ ಮತ್ತು ಗ್ರಂಥಾಲಯದ ಸಿಬ್ಬಂದಿಗೆ, ಕಿರಿಯ ಸಂಶೋಧನಾ ಫೆಲೋಶಿಪ್ ನೀಡಿದ ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೆ ಕೃತಜ್ಞತೆಗಳು.

ಗೆಳತಿ ರೇಷ್ಮಾ ಕ್ಷೇತ್ರಕಾರ್ಯಕ್ಕೆ ಜೊತೆ ಬಂದಳು, ನಕ್ಷೆಗಳನ್ನು ಬರೆದುಕೊಟ್ಟಳು. ನಾನು ಊರೂರು ತಿರುಗುವಾಗ ಮಗಳನ್ನು ನೋಡಿಕೊಂಡವರು ಅತ್ತೆ. ಪತಿ ಮಂಜುನಾಥ್ ಮನೆಯ ಅರ್ಧ ಕೆಲಸವನ್ನು ತಮ್ಮದಾಗಿಸಿಕೊಂಡರು. ಓದು ನಿಲ್ಲಿಸಬೇಡ ಎಂದು ಕಷ್ಟದ ದಿನಗಳಲ್ಲೂ ಹೇಳುತ್ತಿದ್ದ ಅಪ್ಪ ಅಮ್ಮನಿಗೆ ನನ್ನ ಪ್ರೀತಿ.

ಚೈತ್ರಾ
ಮೈಸೂರು

ಇಷ್ಟೇ. ಅತ್ತೆಯ ಸಾಲು ನಿನ್ನ ಕರಡಿನಲ್ಲಿ ಇರಲಿಲ್ಲ, ಮಂಜುನಾಥ್ ಬಗ್ಗೆ ಮಾತ್ರ ಒಂದು ಪ್ಯಾರಾ ಇತ್ತು. ಮಗು ಅತ್ತೆಯ ಹತ್ತಿರವೇ ಇದ್ದದ್ದು ತಾನೇ? ಯಾವುದಾದರೂ ಮಾತು ನಿನ್ನದಲ್ಲ ಅನ್ನಿಸಿದರೆ ಬದಲಿಸು, ಆದರೆ ಒಂದು ಪುಟ ದಾಟಿಸಬೇಡ. ಮೇಡಂ ಒಮ್ಮೆ ನೋಡಲಿ, ಆಮೇಲೆ ಬೈಂಡಿಂಗ್‌ಗೆ ಕೊಡು. ಹೆಸರುಗಳ ಕಾಗುಣಿತವನ್ನು ಇನ್ನೊಮ್ಮೆ ನೋಡಿಬಿಡು.

ನಿನ್ನ,
ಸುಧಾ ಅಕ್ಕ